ನೋಟಿಸ್ ಅವಧಿ ಇತ್ಯರ್ಥವಾಗುವ ಮೊದಲೇ ಹೊಸ ಕಂಪನಿಯಿಂದ ಸೇರುವ ದಿನಾಂಕವನ್ನು ಮುಂದಕ್ಕೆ ಪಡೆದ ನನ್ನ ಅನುಭವ

ಬೆಂಗಳೂರಿನ ಐಟಿ ಕಂಪನಿಗಳ ನೇಮಕಾತಿ ಪತ್ರಗಳಲ್ಲಿ ನೋಟಿಸ್ ಅವಧಿ 90 ದಿನ ಎಂದಿರುವುದು ಸಾಮಾನ್ಯ, ಮತ್ತು ಹೊಸದಾಗಿ ಕರೆಯುವ ಕಂಪನಿ ಅಷ್ಟು ದಿನ ಕಾಯಲು ಒಪ್ಪದಿರುವುದೂ ಅಷ್ಟೇ ಸಾಮಾನ್ಯ. ನನ್ನ ಸಂದರ್ಭದಲ್ಲಿ ಹೊಸ ಕಂಪನಿಯ ಆಫರ್ ಲೆಟರ್‌ನಲ್ಲಿ ಮೇ 5, ಸೋಮವಾರ ಸೇರಬೇಕೆಂದಿತ್ತು. ನಾನು ಹಾಲಿ ಕಂಪನಿಯಲ್ಲಿ ರಾಜೀನಾಮೆ ಸಲ್ಲಿಸಿದ್ದು ಮಾರ್ಚ್ 3ರಂದು. ನಮ್ಮಲ್ಲಿ ಅನೇಕರನ್ನು ಎರಡು ತಿಂಗಳಿಗೇ ಬಿಟ್ಟುಕೊಡುತ್ತಿದ್ದುದರಿಂದ ಎರಡೂ ಕಡೆಯವರು ಆ ಲೆಕ್ಕದ ಮೇಲೆಯೇ ಮಾತಾಡಿದ್ದರು. ಆದರೆ ಅದೇ ವೇಳೆಗೆ ನಮ್ಮ ತಂಡದ ಗ್ರಾಹಕ ಕಂಪನಿಗೆ ಮೇ ಕೊನೆಯಲ್ಲಿ ಒಂದು ದೊಡ್ಡ ರಿಲೀಸ್ ನಿಗದಿಯಾಯಿತು. ಬದಲಿ ವ್ಯಕ್ತಿ ಬಂದ ಮೇಲೆ ನೋಡೋಣ ಎಂದು ಮ್ಯಾನೇಜರ್ ಹೇಳಿದರು. ಅವರು ನಿರಾಕರಿಸಲಿಲ್ಲ, ಒಪ್ಪಲೂ ಇಲ್ಲ. ಈ ಅನಿಶ್ಚಿತ ಸ್ಥಿತಿಯಲ್ಲಿ ಹೊಸ ಕಂಪನಿಯೊಂದಿಗೆ ಹೇಗೆ ಮಾತಾಡಬೇಕೆಂಬುದೇ ನನ್ನ ಮುಂದಿದ್ದ ಪ್ರಶ್ನೆ.

ಮೊದಲು ಮಾಡಿದ ಕೆಲಸವೆಂದರೆ, ಯಾರ ದಯೆಯೂ ಬೇಕಿಲ್ಲದ ದಿನಾಂಕ ಯಾವುದೆಂದು ಕಂಡುಕೊಂಡದ್ದು. ನೇಮಕಾತಿ ಪತ್ರವನ್ನು ತೆಗೆದು ಓದಿದಾಗ 90 ದಿನಗಳು ಕ್ಯಾಲೆಂಡರ್ ದಿನಗಳೆಂದೂ ರಾಜೀನಾಮೆ ಸಲ್ಲಿಸಿದ ದಿನವೇ ಮೊದಲ ದಿನವೆಂದೂ ತಿಳಿಯಿತು. ಕೆಲವು ಕಂಪನಿಗಳಲ್ಲಿ ಎಣಿಕೆ ಮರುದಿನದಿಂದ ಆರಂಭವಾಗುತ್ತದೆ. ಇನ್ನು ಕೆಲವೆಡೆ ನೋಟಿಸ್ ಅವಧಿಯಲ್ಲಿ ತೆಗೆದುಕೊಂಡ ರಜೆಯಷ್ಟು ಕೊನೆಯ ದಿನ ಮುಂದೆ ಸರಿಯುತ್ತದೆ. ಹಾಗಾಗಿ ಈ ಎರಡನ್ನೂ ಎಚ್‌ಆರ್ ಅವರಿಂದ ಇಮೇಲ್‌ನಲ್ಲಿ ಖಚಿತಪಡಿಸಿಕೊಂಡೆ. ಮಾರ್ಚ್‌ನಲ್ಲಿ 29, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 31 ದಿನ ಸೇರಿದರೆ 90 ಪೂರ್ಣವಾಗುವುದು ಮೇ 31, ಶನಿವಾರ. ಅಂದರೆ ಹಾಲಿ ಕಂಪನಿ ಒಂದು ದಿನವನ್ನೂ ಬಿಟ್ಟುಕೊಡದಿದ್ದರೂ ಜೂನ್ 2, ಸೋಮವಾರ ನಾನು ಹೊಸ ಕಡೆ ಹಾಜರಾಗಬಹುದಿತ್ತು. ಮುಂದಿನ ಮಾತುಕತೆಗೆಲ್ಲ ಈ ಒಂದು ದಿನಾಂಕವೇ ಆಧಾರವಾಯಿತು.

ಹಾಲಿ ಕಂಪನಿಯ ತೀರ್ಮಾನ ಬಂದ ಮೇಲೆ ಹೊಸ ಕಂಪನಿಗೆ ತಿಳಿಸಿದರಾಯಿತು ಎಂದು ಬಹಳ ಮಂದಿ ಕಾಯುತ್ತಾರೆ. ನನಗೆ ಇದು ಸರಿಯೆನಿಸಲಿಲ್ಲ. ಹೊಸ ಕಂಪನಿಯ ಎಚ್‌ಆರ್ ಸಿಬ್ಬಂದಿಗೆ ಸೇರುವ ದಿನಾಂಕವೆಂಬುದು ಬರೀ ಒಂದು ತಾರೀಖಲ್ಲ. ಆ ಹುದ್ದೆಗೆ ಮಂಜೂರಾದ ಅನುಮತಿ, ಪ್ರಾಜೆಕ್ಟ್‌ನಲ್ಲಿ ಗ್ರಾಹಕರಿಗೆ ಬಿಲ್ ಮಾಡಲು ಆರಂಭಿಸುವ ದಿನ, ಲ್ಯಾಪ್‌ಟಾಪ್ ಮತ್ತು ಪ್ರವೇಶದ ವ್ಯವಸ್ಥೆ ಎಲ್ಲವೂ ಅದಕ್ಕೆ ಕಟ್ಟಿಕೊಂಡಿರುತ್ತವೆ. ದಿನಾಂಕ ಬದಲಿಸಲು ರಿಕ್ರೂಟರ್ ಒಬ್ಬರ ಅಧಿಕಾರ ಸಾಲದು. ನೇಮಿಸಿಕೊಳ್ಳುವ ಮ್ಯಾನೇಜರ್ ಒಪ್ಪಬೇಕು, ಅನೇಕ ಕಡೆ ಮೇಲಿನವರ ಅನುಮೋದನೆಯೂ ಬೇಕು. ಸೇರಬೇಕಾದ ದಿನಕ್ಕೆ ಐದಾರು ವಾರಗಳಿರುವಾಗ ಕೇಳಿದರೆ ಅವರು ಬೇರೆ ಯಾರನ್ನಾದರೂ ತಾತ್ಕಾಲಿಕವಾಗಿ ಹೊಂದಿಸಿಕೊಳ್ಳಬಹುದು. ಕೊನೆಯ ವಾರದಲ್ಲಿ ಕೇಳಿದರೆ, ಈ ಅಭ್ಯರ್ಥಿ ಬೇರೆ ಆಫರ್ ಹುಡುಕುತ್ತಿರಬೇಕು ಎಂಬ ಅನುಮಾನ ಅವರಲ್ಲಿ ಮೂಡುವುದು ಸಹಜ. ಈ ಊರಿನಲ್ಲಿ ಒಂದು ಆಫರ್ ಕೈಯಲ್ಲಿಟ್ಟುಕೊಂಡು ನೋಟಿಸ್ ಅವಧಿಯುದ್ದಕ್ಕೂ ಇನ್ನೊಂದಕ್ಕೆ ಹುಡುಕುವವರು ಇದ್ದೇ ಇರುವುದರಿಂದ ಆ ಅನುಮಾನವನ್ನು ತಪ್ಪೆನ್ನಲಾಗದು. ಹೀಗಾಗಿ, ಮೇ 5 ಸಂದೇಹಕ್ಕೆ ಬಿದ್ದಿದೆ ಎಂದು ನನಗೆ ಗೊತ್ತಾದ ವಾರದಲ್ಲೇ ಅವರಿಗೂ ತಿಳಿಸಲು ನಿರ್ಧರಿಸಿದೆ.

ಮೊದಲು ರಿಕ್ರೂಟರ್ ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಇಮೇಲ್ ನೇರವಾಗಿ ಹೊಸ ಕಂಪನಿಯ ಮ್ಯಾನೇಜರ್ ಕಣ್ಣಿಗೆ ಬಿದ್ದು, ರಿಕ್ರೂಟರ್‌ಗೆ ಅವರಿಂದ ಸುದ್ದಿ ತಿಳಿಯುವಂತಾಗಬಾರದು ಎಂಬುದು ಇದಕ್ಕೆ ಕಾರಣ. ನಮ್ಮ ಪರವಾಗಿ ಒಳಗೆ ಮಾತಾಡಬೇಕಾದವರು ರಿಕ್ರೂಟರೇ. ಅದೇ ದಿನ ಇಬ್ಬರಿಗೂ ಇಮೇಲ್ ಕಳುಹಿಸಿದೆ. ಅದರ ಸಾರ ಹೀಗಿತ್ತು:

"ಮಾನ್ಯರೇ, ಆಫರ್ ಲೆಟರ್ ಪ್ರಕಾರ ನಾನು ಮೇ 5ರಂದು ಸೇರಬೇಕಿದೆ. ಮಾರ್ಚ್ 3ರಂದು ರಾಜೀನಾಮೆ ಸಲ್ಲಿಸಿದ್ದು, ಅದನ್ನು ಸ್ವೀಕರಿಸಿದ ಇಮೇಲ್ ಲಗತ್ತಿಸಿದ್ದೇನೆ. ಬೇಗ ಬಿಡುಗಡೆ ಮಾಡುವಂತೆ ಲಿಖಿತವಾಗಿ ಕೇಳಿದ್ದೇನೆ. ಬದಲಿ ವ್ಯಕ್ತಿ ಸಿಗದ ಕಾರಣ ತೀರ್ಮಾನ ಇನ್ನೂ ಬಂದಿಲ್ಲ. ಪೂರ್ಣ ನೋಟಿಸ್ ಅವಧಿ ಮೇ 31ಕ್ಕೆ ಮುಗಿಯುವುದರಿಂದ ಜೂನ್ 2ರಂದು ನಾನು ಖಚಿತವಾಗಿ ಸೇರಬಲ್ಲೆ. ಸೇರುವ ದಿನಾಂಕವನ್ನು ಜೂನ್ 2 ಎಂದು ಬದಲಿಸಿ ಪರಿಷ್ಕೃತ ಆಫರ್ ಲೆಟರ್ ನೀಡಬೇಕೆಂದು ಕೋರುತ್ತೇನೆ. ಅದಕ್ಕೂ ಮೊದಲು ಬಿಡುಗಡೆ ದೊರೆತರೆ ತಕ್ಷಣ ತಿಳಿಸುತ್ತೇನೆ."

ಈ ಪತ್ರದಲ್ಲಿ ಕೇಳಿದ್ದು ಒಂದೇ ದಿನಾಂಕವನ್ನು, ಅದೂ ನಾನು ಖಂಡಿತ ಉಳಿಸಿಕೊಳ್ಳಬಹುದಾದ ದಿನಾಂಕವನ್ನು. ಮೇ 19ಕ್ಕೆ ಬರಲು ಪ್ರಯತ್ನಿಸುತ್ತೇನೆ ಎಂದು ಬರೆದಿದ್ದರೆ ಓದುವವರಿಗೆ ಹಿತವೆನಿಸುತ್ತಿತ್ತು, ಆದರೆ ಅದೂ ತಪ್ಪಿದರೆ ಮತ್ತೊಮ್ಮೆ ಕೇಳಬೇಕಾಗುತ್ತಿತ್ತು. ಮೊದಲ ಸಲ ಮುಂದೂಡುವುದನ್ನು ಯಾವ ಕಂಪನಿಯಾದರೂ ಅರ್ಥಮಾಡಿಕೊಳ್ಳುತ್ತದೆ. ಎರಡನೆಯ ಸಲ ಕೇಳಿದವರ ಜಾಗಕ್ಕೆ ಕಾಯುವ ಪಟ್ಟಿಯಲ್ಲಿರುವವರನ್ನು ಕರೆಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಾಲಿ ಕಂಪನಿಯೊಂದಿಗಿನ ಮಾತುಕತೆಯ ವಿವರಗಳನ್ನಾಗಲಿ ಮ್ಯಾನೇಜರ್ ಬಗೆಗಿನ ದೂರನ್ನಾಗಲಿ ಪತ್ರದಲ್ಲಿ ತರಲಿಲ್ಲ.

ಎರಡು ದಿನಗಳಲ್ಲಿ ರಿಕ್ರೂಟರ್ ಕರೆ ಮಾಡಿದರು. "ಬೈಔಟ್ ಮಾಡಿಕೊಳ್ಳಿ ಸರ್, ಹಣವನ್ನು ನಾವೇ ಕೊಡುತ್ತೇವೆ" ಎಂದರು. ಉಳಿದ ನೋಟಿಸ್ ದಿನಗಳ ಬದಲಿಗೆ ಹಣ ಕಟ್ಟಿ ಬೇಗ ಹೊರಬರುವುದೇ ಬೈಔಟ್. ಇಂಥ ಮಾತು ಬಂದಾಗ ಎರಡು ವಿಷಯಗಳನ್ನು ನೋಡಬೇಕು. ಒಂದು, ಬೈಔಟ್ ನಮ್ಮ ಹಕ್ಕೇ ಅಥವಾ ಕಂಪನಿಯ ಒಪ್ಪಿಗೆಗೆ ಒಳಪಟ್ಟಿದೆಯೇ ಎಂಬುದು. ನನ್ನ ನೇಮಕಾತಿ ಪತ್ರದಲ್ಲಿ ಅದು ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದು ಸ್ಪಷ್ಟವಾಗಿತ್ತು; ಹಣ ಸಿದ್ಧವಿದ್ದರೂ ಮ್ಯಾನೇಜರ್ ಸಹಿ ಇಲ್ಲದೆ ಅದು ನಡೆಯುವಂತಿರಲಿಲ್ಲ. ಎರಡು, ಲೆಕ್ಕ ಮೂಲ ವೇತನದ ಮೇಲೋ ಒಟ್ಟು ವೇತನದ ಮೇಲೋ ಎಂಬುದು. ಒಟ್ಟು ವೇತನ ತಿಂಗಳಿಗೆ 90,000, ಮೂಲ ವೇತನ 45,000 ಎಂದಿಟ್ಟುಕೊಳ್ಳಿ. ಮೇ 2, ಶುಕ್ರವಾರ ಕೊನೆಯ ದಿನವಾದರೆ ಕೊರತೆಯಾಗುವುದು 29 ದಿನ. ತಿಂಗಳಿಗೆ 30 ದಿನದ ಲೆಕ್ಕದಲ್ಲಿ ಮೂಲ ವೇತನದ ಮೇಲೆ ಅದು 43,500 ರೂಪಾಯಿ, ಒಟ್ಟು ವೇತನದ ಮೇಲೆ 87,000 ರೂಪಾಯಿ. ಹೊಸ ಕಂಪನಿ ಇದನ್ನು ಮರುಪಾವತಿ ಮಾಡುವುದು ಸಾಮಾನ್ಯವಾಗಿ ಹಳೆಯ ಕಂಪನಿಯ ಅಂತಿಮ ಲೆಕ್ಕದ ಪತ್ರವನ್ನು ನೋಡಿದ ಮೇಲೆ, ಸಂಬಳದ ಜೊತೆ ಸೇರಿಸಿ, ತೆರಿಗೆ ಮುರಿದುಕೊಂಡು. ಒಂದು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಅನೇಕ ಕಡೆ ಇರುತ್ತದೆ. ಹಾಲಿ ಕಂಪನಿ ಈ ಹಣದ ಮೇಲೆ ಜಿಎಸ್‌ಟಿ ಸೇರಿಸಿದರೆ ಪ್ರಶ್ನಿಸಬಹುದು. ನೋಟಿಸ್ ಅವಧಿಯ ವಸೂಲಿಗೆ ಜಿಎಸ್‌ಟಿ ಅನ್ವಯಿಸುವುದಿಲ್ಲವೆಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ.

ಹಾಗಾಗಿ ರಿಕ್ರೂಟರ್ ಅವರಿಗೆ, ಬೈಔಟ್‌ಗೆ ನಾನು ಸಿದ್ಧನಿದ್ದೇನೆ, ಕೋರಿಕೆಯನ್ನೂ ಸಲ್ಲಿಸುತ್ತೇನೆ, ಆದರೆ ತಡೆ ಇರುವುದು ಹಣದಲ್ಲಲ್ಲ, ಒಪ್ಪಿಗೆಯಲ್ಲಿ. ಆದ್ದರಿಂದ ಜೂನ್ 2ರ ಪರಿಷ್ಕೃತ ಪತ್ರ ಈಗಲೇ ಬೇಕು ಎಂದು ಉತ್ತರಿಸಿದೆ. ಆಗ ಅವರಿಂದ ಇನ್ನೊಂದು ಸಲಹೆ ಬಂತು: ಮೇ 5ಕ್ಕೇ ಸೇರಿಬಿಡಿ, ರಿಲೀವಿಂಗ್ ಲೆಟರ್ ಆಮೇಲೆ ಕೊಡಿ. ಇದನ್ನು ನಾನು ಒಪ್ಪಲಿಲ್ಲ, ಯಾರೂ ಒಪ್ಪಬಾರದೆಂಬುದು ನನ್ನ ದೃಢ ಅಭಿಪ್ರಾಯ. ಹಳೆಯ ಕಂಪನಿಯ ದಾಖಲೆಯಲ್ಲಿ ಕೊನೆಯ ದಿನ ಮೇ 31 ಎಂದಿದ್ದು ಹೊಸ ಕಂಪನಿಯಲ್ಲಿ ಸೇರಿದ ದಿನ ಮೇ 5 ಎಂದಾದರೆ ಪಿಎಫ್ ಖಾತೆಯ ಸೇವಾ ವಿವರದಲ್ಲಿ ಎರಡು ಉದ್ಯೋಗಗಳು ಒಂದರ ಮೇಲೊಂದು ಬೀಳುತ್ತವೆ. ಹಣದ ವರ್ಗಾವಣೆ ಅಲ್ಲಿ ಸಿಕ್ಕಿಕೊಳ್ಳಬಹುದು, ಮುಂದೆ ಪ್ರತಿ ಸಲ ಹಿನ್ನೆಲೆ ಪರಿಶೀಲನೆ ನಡೆದಾಗಲೂ ಏಕಕಾಲಕ್ಕೆ ಎರಡು ಕಡೆ ದುಡಿದಂತೆ ಕಾಣುತ್ತದೆ. ಇದರ ಜೊತೆಗೆ, ನೋಟಿಸ್ ಮುಗಿಸದೆ ಹೊರಟವರಿಗೆ ರಿಲೀವಿಂಗ್ ಲೆಟರ್ ತಡೆಹಿಡಿದರೆ ಸಲಹೆ ಕೊಟ್ಟವರು ಸಹಾಯಕ್ಕೆ ಬರಲಾರರು. ಈ ಕಾರಣಗಳನ್ನು ಸೌಜನ್ಯದಿಂದ ವಿವರಿಸಿದಾಗ ರಿಕ್ರೂಟರ್ ಒತ್ತಾಯಿಸಲಿಲ್ಲ.

ಮರುವಾರ "ಮ್ಯಾನೇಜರ್ ಓಕೆ ಅಂದಿದ್ದಾರೆ, ಚಿಂತೆ ಬೇಡ" ಎಂದು ರಿಕ್ರೂಟರ್ ಫೋನಿನಲ್ಲಿ ಹೇಳಿದರು. ಈ ಘಟ್ಟದಲ್ಲಿ ಸುಮ್ಮನಾಗಿಬಿಡುವುದು ಅಪಾಯಕಾರಿ. ಮೂಲ ಆಫರ್ ಲೆಟರ್‌ನಲ್ಲಿ, ನಿಗದಿತ ದಿನ ಸೇರದಿದ್ದರೆ ಆಫರ್ ತಾನಾಗಿಯೇ ರದ್ದಾಗುತ್ತದೆ ಎಂಬ ಸಾಲಿತ್ತು. ಫೋನಿನ ಮಾತು ಆ ಸಾಲನ್ನು ಅಳಿಸುವುದಿಲ್ಲ. ಆದ್ದರಿಂದ ಅವರಿಗೆ ಧನ್ಯವಾದ ಹೇಳಿ, ಮಾತಾಡಿದ್ದನ್ನೇ ಇಮೇಲ್‌ನಲ್ಲಿ ಬರೆದು, ಪರಿಷ್ಕೃತ ಪತ್ರಕ್ಕಾಗಿ ಕಾಯುತ್ತಿರುವುದಾಗಿ ತಿಳಿಸಿದೆ. ಪತ್ರ ಬಂದಾಗ ದಿನಾಂಕದ ಜೊತೆಗೆ ವೇತನ, ಹುದ್ದೆ, ಜಾಯಿನಿಂಗ್ ಬೋನಸ್ ಇವೆಲ್ಲ ಮೊದಲಿನಂತೆಯೇ ಇವೆಯೇ ಎಂದು ಹಳೆಯ ಪತ್ರದೊಂದಿಗೆ ಸಾಲುಸಾಲಾಗಿ ಹೋಲಿಸಿ, ಬಳಿಕ ಒಪ್ಪಿಗೆ ಸೂಚಿಸಿದೆ. ಪತ್ರ ಬಾರದೆ ರಿಕ್ರೂಟರ್ ಕರೆ ಎತ್ತುವುದು ಕಡಿಮೆಯಾದರೆ, ಹಿನ್ನೆಲೆ ಪರಿಶೀಲನೆ ಅರ್ಧಕ್ಕೆ ನಿಂತರೆ, ಅದೇ ಹುದ್ದೆಯ ಜಾಹೀರಾತು ಮತ್ತೆ ಕಾಣಿಸಿಕೊಂಡರೆ, ಆಫರ್ ಅಲುಗಾಡುತ್ತಿದೆ ಎಂದು ತಿಳಿಯಬೇಕು. ಅಂಥ ಸ್ಥಿತಿಗೂ ದಾರಿ ಇರಲೆಂದು ನಾನು ಹಾಲಿ ಕಂಪನಿಯಲ್ಲಿ ಕೆಲಸದ ಹಸ್ತಾಂತರವನ್ನು ಶ್ರದ್ಧೆಯಿಂದ ಮಾಡುತ್ತಿದ್ದೆ. ಸ್ವೀಕೃತವಾದ ರಾಜೀನಾಮೆಯನ್ನು ಹಿಂಪಡೆಯಲು ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕಾಗುತ್ತದೆ. ಜಗಳವಾಡಿದವರಿಗೆ ಅದು ಸಿಗುವುದು ಕಷ್ಟ.

ಪರಿಷ್ಕೃತ ಪತ್ರ ಕೈಗೆ ಬಂದ ಮೇಲೆ ಹಾಲಿ ಕಂಪನಿಯೊಂದಿಗಿನ ಮಾತುಕತೆಯ ಸ್ವರೂಪವೇ ಬದಲಾಯಿತು, ಏಕೆಂದರೆ ನನಗೆ ಇನ್ನು ಅವಸರವಿರಲಿಲ್ಲ. ಮೇ ಮಧ್ಯದಲ್ಲಿ ಮ್ಯಾನೇಜರ್ ಅವರೇ ಕರೆದು, ಹಸ್ತಾಂತರ ಮುಗಿದಿರುವುದರಿಂದ ಮೇ 23ಕ್ಕೆ ಬಿಡುತ್ತೇವೆ, ಉಳಿದ ದಿನಗಳ ವಸೂಲಿ ಇಲ್ಲ ಎಂದರು. ಮಾತು ಕೊಟ್ಟಿದ್ದಂತೆ ಅದನ್ನು ಹೊಸ ಕಂಪನಿಗೆ ಅಂದೇ ತಿಳಿಸಿದೆ. ಅವರು ಎಲ್ಲ ವ್ಯವಸ್ಥೆಯನ್ನೂ ಜೂನ್ 2ಕ್ಕೆ ಹೊಂದಿಸಿಕೊಂಡಿದ್ದರಿಂದ ಅದನ್ನೇ ಉಳಿಸಲು ಬಯಸಿದರು. ಮೇ 23ಕ್ಕೆ ಹೊರಬಂದರೆ ನಡುವಿನ ದಿನಗಳಿಗೆ ಎರಡೂ ಕಡೆಯಿಂದ ಸಂಬಳವಿಲ್ಲ, ಗುಂಪು ಆರೋಗ್ಯ ವಿಮೆಯೂ ಕೊನೆಯ ದಿನಕ್ಕೇ ನಿಲ್ಲುತ್ತಿತ್ತು. ಆದ್ದರಿಂದ ಮೊದಲ ಲೆಕ್ಕದಂತೆ ಮೇ 31ನ್ನೇ ಉಳಿಸಿ ಎಂದು ಹಾಲಿ ಕಂಪನಿಯ ಮ್ಯಾನೇಜರ್ ಅವರನ್ನು ಕೇಳಿಕೊಂಡೆ, ಅವರು ಒಪ್ಪಿದರು.

ಸೇರುವ ದಿನ ರಿಲೀವಿಂಗ್ ಲೆಟರ್ ಕೈಯಲ್ಲಿರಲಿಲ್ಲ, ಏಕೆಂದರೆ ನಮ್ಮಲ್ಲಿ ಅದು ಅಂತಿಮ ಲೆಕ್ಕದ ಜೊತೆಗೇ ಬರುತ್ತಿತ್ತು. ಇದನ್ನು ರಿಕ್ರೂಟರ್ ಅವರಿಗೆ ಮೊದಲೇ ತಿಳಿಸಿ, ರಾಜೀನಾಮೆ ಸ್ವೀಕೃತಿ ಮತ್ತು ಕೊನೆಯ ಕೆಲಸದ ದಿನವನ್ನು ದೃಢಪಡಿಸಿದ ಎಚ್‌ಆರ್ ಇಮೇಲ್ ಕೊಟ್ಟರೆ ಸಾಕು, ರಿಲೀವಿಂಗ್ ಲೆಟರ್‌ಗೆ 45 ದಿನ ಸಮಯವಿದೆ ಎಂದು ಅವರಿಂದ ಬರೆಸಿಕೊಂಡಿದ್ದೆ. ಆ ಗಡುವಿನೊಳಗೆ ಅದನ್ನು ಸಲ್ಲಿಸಿ, ಪಿಎಫ್ ಪೋರ್ಟಲ್‌ನ ಸೇವಾ ವಿವರದಲ್ಲಿ ಹಳೆಯ ಕಂಪನಿ ನಿರ್ಗಮನ ದಿನಾಂಕವನ್ನು ಮೇ 31 ಎಂದೇ ನಮೂದಿಸಿರುವುದನ್ನು ನೋಡಿಕೊಂಡು, ಅನಂತರ ಖಾತೆಯ ವರ್ಗಾವಣೆಗೆ ಅರ್ಜಿ ಹಾಕಿದೆ.