‘ಬ್ಯಾಕ್‌ಗ್ರೌಂಡ್ ತೆಗೆದು ಕೊಡಿ’ ಅಂದರೆ ಸಾಲದು: ಡಿಸೈನರ್‌ಗೆ ಪತ್ರ ಬರೆಯುವುದು ಹೇಗೆ?

ನಮ್ಮದು ಚನ್ನಪಟ್ಟಣದ ಮರದ ಗೊಂಬೆಗಳ ಅಂಗಡಿ. ಮೊದಲ ಸಲ ಕ್ಯಾಟಲಾಗ್ ಮಾಡಿಸಿದಾಗ ಡಿಸೈನರ್‌ಗೆ ಒಂದೇ ಸಾಲು ಬರೆದಿದ್ದೆ: ‘ನಲವತ್ತು ಫೋಟೊ ಇವೆ, ಬ್ಯಾಕ್‌ಗ್ರೌಂಡ್ ತೆಗೆದು ಕೊಡಿ.’ ಫೋಟೊ ಬಂದವು, ಮೊಬೈಲ್‌ನಲ್ಲಿ ಚೆನ್ನಾಗಿಯೇ ಕಂಡವು. ಆದರೆ ನಮ್ಮ ಪುಟದ ಬಣ್ಣ ತಿಳಿ ಹಳದಿ. ಅದರ ಮೇಲೆ ಕೂರಿಸಿದರೆ ಪ್ರತಿ ಗೊಂಬೆಯ ಸುತ್ತಲೂ ಬಿಳಿ ಚೌಕ. ಹಿನ್ನೆಲೆ ಹೋಗಿರಲಿಲ್ಲ, ಅದರ ಜಾಗಕ್ಕೆ ಬಿಳಿ ಬಂದಿತ್ತು. ಪುಟದ ಬಣ್ಣ ಯಾವುದು ಅಂತ ನಾನು ಹೇಳಿರಲೇ ಇಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಫೋಟೊ ಎಲ್ಲಿ ಕೂರುತ್ತದೆ ಅನ್ನುವುದರಿಂದಲೇ ಪತ್ರ ಶುರುವಾಗಲಿ. ಪುಟ ಬಣ್ಣದ್ದಾದರೆ ಹಿನ್ನೆಲೆ ಪಾರದರ್ಶಕವಾಗಿರಬೇಕು. ಅದಕ್ಕೆ ಪಿಎನ್‌ಜಿ ಫೈಲ್ ಕೇಳಿ. ಜೆಪಿಜಿಯಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಖಾಲಿ ಜಾಗಕ್ಕೆ ಸಾಮಾನ್ಯವಾಗಿ ಬಿಳಿ ತುಂಬಿಕೊಳ್ಳುತ್ತದೆ. ಅಚ್ಚಿನಲ್ಲಿ ಗೊಂಬೆ ಎಷ್ಟು ದೊಡ್ಡದಾಗಿ ಬರಬೇಕು ಅಂತಲೂ ಬರೆಯಿರಿ. ಎಂಟು ಸೆಂಟಿಮೀಟರ್ ಅಗಲಕ್ಕೆ, ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ, ಗೊಂಬೆಯೊಂದೇ ಸುಮಾರು 945 ಪಿಕ್ಸೆಲ್ ಅಗಲ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ.

ಮುಂದಿನದು ತೂತುಗಳ ವಿಷಯ. ನಮಗೆ ಜಾಸ್ತಿ ಕಾಟ ಕೊಟ್ಟಿದ್ದು ಇದೇ. ಗಿಲಕಿಯ ಬಳೆಗಳ ನಡುವಿನ ಸಂದು, ಮಣಿಚೌಕಟ್ಟಿನ ತಂತಿಗಳ ನಡುವಿನ ಜಾಗ, ಎಳೆಯುವ ಆನೆಯ ಕಾಲುಗಳ ನಡುವೆ ಕಾಣುವ ಮೇಜು. ಹೊರಗಿನ ಅಂಚು ಕತ್ತರಿಸಿ ಇವನ್ನು ಬಿಟ್ಟರೆ ಹಳೆಯ ಹಿನ್ನೆಲೆ ಅಲ್ಲೇ ಉಳಿಯುತ್ತದೆ. ಎಳೆಯುವ ದಾರ ಇರಬೇಕೋ ಬೇಡವೋ ಅದನ್ನೂ ಹೇಳಿ. ಇಲ್ಲದಿದ್ದರೆ ಕೆಲವು ಆನೆಗೆ ದಾರ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಫೋಟೊ ಮೇಲೆ ಕೆಂಪು ಸುತ್ತು ಹಾಕಿ ತೋರಿಸುವುದು ಸುಲಭ.

ಇನ್ನು ಹೊಳಪು. ನಮ್ಮ ಗೊಂಬೆಗೆ ಅರಗಿನ ಬಣ್ಣ. ಹಸಿರು ಬಟ್ಟೆಯ ಮೇಲಿಟ್ಟು ತೆಗೆದರೆ ಹಳದಿ ಗೊಂಬೆಯ ಹೊಟ್ಟೆಯಲ್ಲೂ ಹಸಿರು ಕಾಣುತ್ತದೆ. ಹಿನ್ನೆಲೆ ಹೋದರೂ ಆ ಛಾಯೆ ಹೋಗುವುದಿಲ್ಲ. ಬಣ್ಣ ಹಾಕದ ಹಾಲೆ ಮರದ ಗೊಂಬೆಯದು ಇನ್ನೊಂದು ಕಷ್ಟ. ಅದು ಬಿಳುಪು, ಬಿಳಿ ಹಾಳೆಯ ಮೇಲೆ ತೆಗೆದರೆ ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯದು. ಬೂದು ಬಣ್ಣದ ಕಾಗದ ಹಾಸಿ ತೆಗೆದರೆ ಎರಡಕ್ಕೂ ಸರಿಹೋಗುತ್ತದೆ.

ಈ ಸಲ ನಾನು ಬರೆದ ಪತ್ರ ಇದು:

‘ಮೇಡಂ, ನಮಸ್ಕಾರ. ಕ್ಯಾಟಲಾಗ್‌ಗೆ 40 ಗೊಂಬೆಗಳ ಫೋಟೊ ಡ್ರೈವ್‌ಗೆ ಹಾಕಿದ್ದೇನೆ. ಪುಟ ತಿಳಿ ಹಳದಿ, ಒಂದು ಪುಟಕ್ಕೆ ಆರು ಗೊಂಬೆ, ಒಂದೊಂದು 8 ಸೆಂ.ಮೀ. ಅಗಲ. ಹಿನ್ನೆಲೆ ಪೂರ್ತಿ ತೆಗೆದು ಪಿಎನ್‌ಜಿ ಕೊಡಿ. ಕೆಂಪು ಸುತ್ತು ಹಾಕಿರುವ ತೂತುಗಳೂ ಖಾಲಿಯಾಗಬೇಕು. ಆನೆ, ಕುದುರೆಗಳ ದಾರ ಉಳಿಯಲಿ. ಹಳೆಯ ನೆರಳು ಬೇಡ, ಎಲ್ಲಕ್ಕೂ ಒಂದೇ ಕಡೆಗೆ ಬೀಳುವ ತೆಳು ನೆರಳು ಬೇರೆ ಲೇಯರ್‌ನಲ್ಲಿ ಇರಲಿ. ಅದಕ್ಕೆ ಪಿಎಸ್‌ಡಿ ಫೈಲ್ ಕೂಡ ಬೇಕು. ಅರಗಿನ ಮೇಲಿನ ಬೆಳಕಿನ ಗೆರೆ ಅಳಿಸಬೇಡಿ. ಬಣ್ಣ ಹೋಲಿಸಲು ಮೂರು ಗೊಂಬೆ ಕಳಿಸುತ್ತಿದ್ದೇನೆ. ಫೈಲ್ ಹೆಸರು ನಮ್ಮ ಕೋಡ್‌ನಂತೆಯೇ ಇರಲಿ: CT-014.png. ಮೊದಲು ಗಿಲಕಿ, ಆನೆ, ಬಣ್ಣವಿಲ್ಲದ ಗೊಂಬೆ ಮೂರನ್ನು ಮಾಡಿ ತೋರಿಸಿ. ಅವು ಒಪ್ಪಿಗೆಯಾದ ಮೇಲೆ ಉಳಿದದ್ದು. ಸಾದಾ ಗೊಂಬೆಗೆ ಎಷ್ಟು, ತೂತು ಜಾಸ್ತಿ ಇರುವುದಕ್ಕೆ ಎಷ್ಟು, ತಿದ್ದುಪಡಿ ಎಷ್ಟು ಸಲ ಮಾಡಿಕೊಡುತ್ತೀರಿ ತಿಳಿಸಿ.’

ಸ್ಯಾಂಪಲ್‌ಗೆ ಸುಲಭದ ಗೊಂಬೆ ಆರಿಸಬೇಡಿ. ದುಂಡನೆಯ ಬುಗುರಿಯನ್ನು ಯಾರಾದರೂ ಕತ್ತರಿಸುತ್ತಾರೆ. ಕಷ್ಟದ ಮೂರನ್ನು ಮಾಡಿದರೆ ಕೆಲಸ ಎಂಥದ್ದು, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ, ದರ ಮಾತಾಡುವುದೂ ಸಲೀಸು.

ಸ್ಯಾಂಪಲ್ ಬಂದಾಗ ಬಿಳಿ ಪರದೆಯ ಮೇಲೆ ನೋಡಿ ಒಪ್ಪಿಕೊಳ್ಳಬೇಡಿ. ಬಿಳಿ ಎಲ್ಲ ತಪ್ಪನ್ನೂ ಮುಚ್ಚಿಬಿಡುತ್ತದೆ. ಒಮ್ಮೆ ಕಡುನೀಲಿಯ ಮೇಲೆ, ಒಮ್ಮೆ ನಿಮ್ಮ ಪುಟದ ಬಣ್ಣದ ಮೇಲೆ ಇಟ್ಟು, ದೊಡ್ಡದು ಮಾಡಿ ಅಂಚಿನ ಸುತ್ತ ಒಂದು ಸುತ್ತು ಬನ್ನಿ. ನಮ್ಮ ಗಿಲಕಿಯಲ್ಲಿ ಕೂದಲೆಳೆಯಷ್ಟು ಬೂದು ಗೆರೆ ಉಳಿದಿತ್ತು, ಕಡುನೀಲಿಯ ಮೇಲೆ ತಕ್ಷಣ ಎದ್ದು ಕಂಡಿತು. ಡಿಸೈನರ್ ಅಂಚನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿದರು, ಗೆರೆ ಹೋಯಿತು. ಆನೆಯ ದಾರ ಮಾತ್ರ ಅಲ್ಲಲ್ಲಿ ತುಂಡಾಗಿತ್ತು. ಅದನ್ನು ಅವರು ಕೈಯಿಂದಲೇ ಮತ್ತೆ ಗುರುತಿಸಿ ಕತ್ತರಿಸಬೇಕಾಯಿತು. ಮೂರೂ ಸರಿಯಾದ ಮೇಲೆಯೇ ಉಳಿದ 37ಕ್ಕೆ ಒಪ್ಪಿಗೆ ಕೊಟ್ಟೆ.