ಕಣ್ಣು ತೆರೆದಾಗ ಕಾಣುವಂತೆ ಲೈನರ್: ಒಂದು ಫೋಟೊ ಅಳೆದು ನೋಡಿ

ಕಣ್ಣು ಮುಚ್ಚಿಕೊಂಡು ಚೆಂದವಾಗಿ ಎಳೆದ ಲೈನರ್, ಕಣ್ಣು ಬಿಟ್ಟ ಕೂಡಲೇ ಮಾಯವಾಗುತ್ತದೆ. ಇಲ್ಲವೇ ಹೊರಮೂಲೆಯಿಂದಾಚೆ ಎಳೆದ ಬಾಲ ಮುರಿದುಕೊಂಡು ಕೆಳಗೆ ಬಾಗುತ್ತದೆ. ಕೈ ನಡುಗಿತು ಎಂದು ನಾವು ಬೇಸರ ಮಾಡಿಕೊಳ್ಳುತ್ತೇವೆ, ಆದರೆ ತಪ್ಪು ಕೈಯದಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಇರುವ ಜಾಗವೇ ಬೇರೆ, ತೆರೆದಾಗ ಹೊರಗೆ ಉಳಿಯುವ ಜಾಗವೇ ಬೇರೆ. ಆ ಉಳಿಯುವ ಜಾಗ ಎಷ್ಟು ಎಂದು ಮುಖದ ಒಂದು ಫೋಟೊ ಹೇಳುತ್ತದೆ.

ಫೋಟೊ ಸರಿಯಾಗಿರಲಿ

ಕೈ ಚಾಚಿ ತೆಗೆದ ಸೆಲ್ಫಿ ಇದಕ್ಕೆ ಆಗದು. ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ, ಮುಖದ ಬದಿಗಳು ಹಿಂದೆ ಸರಿದಂತೆ ಬರುತ್ತವೆ, ಅಳತೆಯ ಅನುಪಾತ ಕೆಡುತ್ತದೆ. ಕಿಟಕಿಗೆ ಮುಖ ಮಾಡಿ ನಿಂತು, ಸುಮಾರು ಒಂದೂವರೆ ಮೀಟರ್ ದೂರದಿಂದ ಹಿಂದಿನ ಕ್ಯಾಮೆರಾದಲ್ಲಿ, ಎರಡು ಪಟ್ಟು ಜೂಮ್ ಮಾಡಿ ಯಾರಿಂದಲಾದರೂ ತೆಗೆಸಿ. ಲೆನ್ಸ್ ಕಣ್ಣಿನ ಮಟ್ಟದಲ್ಲೇ ಇರಬೇಕು. ಬ್ಯೂಟಿ ಫಿಲ್ಟರ್ ಬೇಡ, ಮೇಕಪ್ಪೂ ಬೇಡ.

ಇಲ್ಲಿ ಎರಡು ಸಣ್ಣ ಮೋಸಗಳಿವೆ. ಗದ್ದ ಎತ್ತಿದರೆ ರೆಪ್ಪೆ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಹುಬ್ಬು ಎತ್ತಿದರೂ ಅಷ್ಟೇ. ಕನ್ನಡಿಯ ಮುಂದೆ ನಿಂತಾಗ ಬಹಳಷ್ಟು ಮಂದಿ ತಿಳಿಯದೆಯೇ ಹುಬ್ಬು ಎತ್ತಿರುತ್ತಾರೆ, ಆ ಮುಖಕ್ಕೆ ಎಳೆದ ಗೆರೆ ಸಹಜ ಮುಖಕ್ಕೆ ಹೊಂದುವುದಿಲ್ಲ. ಒಮ್ಮೆ ಕಣ್ಣು ಮುಚ್ಚಿ, ಹಣೆ ಸಡಿಲ ಬಿಟ್ಟು, ಮೆಲ್ಲಗೆ ಕಣ್ಣು ತೆರೆದ ಕ್ಷಣದಲ್ಲಿ ಕ್ಲಿಕ್ ಮಾಡಿಸಿ.

ಅಳತೆ

ಫೋಟೊವನ್ನು ಎರಡೂ ಕಣ್ಣು ತುಂಬುವಷ್ಟು ದೊಡ್ಡದು ಮಾಡಿ. ಫೋನಿನ ಪರದೆ ಚಿಕ್ಕದಾದರೆ ಲ್ಯಾಪ್‌ಟಾಪಿನಲ್ಲಿ ತೆರೆದು, ಮಕ್ಕಳ ಸ್ಕೇಲ್ ಪರದೆಗೆ ಹಿಡಿದರೆ ಸಾಕು. ಪರದೆಯ ಮೇಲಿನ ಮಿಲಿಮೀಟರನ್ನು ನಿಜವಾದ ಮಿಲಿಮೀಟರಿಗೆ ಇಳಿಸಲು ಕಣ್ಣಿನಲ್ಲೇ ಒಂದು ಅಳತೆಗೋಲಿದೆ. ಕಣ್ಣಿನ ನಡುವಿನ ಬಣ್ಣದ ದುಂಡು, ಅಂದರೆ ಕರಿಗುಡ್ಡೆ, ದೊಡ್ಡವರಲ್ಲಿ ಹೆಚ್ಚುಕಡಿಮೆ 12 ಮಿ.ಮೀ. ಅಗಲವಿರುತ್ತದೆ. ಪರದೆಯಲ್ಲಿ ಅದು 18 ಮಿ.ಮೀ. ಬಂದರೆ ಚಿತ್ರ ಒಂದೂವರೆ ಪಟ್ಟು ದೊಡ್ಡದಾಗಿದೆ ಎಂದರ್ಥ. ಉಳಿದ ಎಲ್ಲ ಅಳತೆಯನ್ನು ಒಂದೂವರೆಯಿಂದ ಭಾಗಿಸಿ.

ಉದಾಹರಣೆಗೆ ಈ ಕಣ್ಣುಗಳನ್ನು ತೆಗೆದುಕೊಳ್ಳೋಣ. ಒಳಮೂಲೆಯಿಂದ ಹೊರಮೂಲೆಗೆ ಪರದೆಯಲ್ಲಿ 45 ಮಿ.ಮೀ., ಅಂದರೆ ಕಣ್ಣಿನ ನಿಜ ಅಗಲ 30. ಎರಡು ಒಳಮೂಲೆಗಳ ನಡುವೆ 39, ಅಂದರೆ 26. ನಡುವಿನ ಅಂತರ ಒಂದು ಕಣ್ಣಿನ ಅಗಲದಷ್ಟಿದ್ದರೆ ಅದು ಸಮ ಅಂತರ. ಇಲ್ಲಿ 4 ಮಿ.ಮೀ. ಕಡಿಮೆ ಇರುವುದರಿಂದ ಇವು ಹತ್ತಿರದ ಕಣ್ಣುಗಳು.

ಮುಂದೆ ರೆಪ್ಪೆಯ ಜಾಗ. ರೆಪ್ಪೆಗೂದಲಿನ ಬುಡದಿಂದ ಮೇಲಿನ ಚರ್ಮದ ಮಡಿಕೆಯವರೆಗೆ, ಕರಿಗುಡ್ಡೆಯ ನೇರಕ್ಕೆ ಪರದೆಯಲ್ಲಿ 3 ಮಿ.ಮೀ., ನಿಜಕ್ಕೆ 2. ಹೊರಮೂಲೆಯ ಹತ್ತಿರ ಏನೂ ಇಲ್ಲ, ಚರ್ಮ ರೆಪ್ಪೆಯ ಮೇಲೇ ಕೂತಿದೆ. ಪಾರ್ಲರಿನವರು ಹೂಡೆಡ್ ಐ ಎನ್ನುವುದು ಇದಕ್ಕೇ. ಆಕಾರ ನೋಡಿದರೆ ಕರಿಗುಡ್ಡೆ ಮೇಲೂ ಕೆಳಗೂ ರೆಪ್ಪೆಗೆ ತಾಗಿದೆ, ಹಾಗಾಗಿ ಬಾದಾಮಿ ಕಣ್ಣು. ಕೆಳಗೆ ಬಿಳಿ ಕಂಡಿದ್ದರೆ ದುಂಡುಕಣ್ಣು ಎನ್ನಬಹುದಿತ್ತು. ಒಳಮೂಲೆಯಿಂದ ಅಡ್ಡಕ್ಕೆ ಸ್ಕೇಲ್ ಇಟ್ಟರೆ ಹೊರಮೂಲೆ ಅದೇ ಮಟ್ಟದಲ್ಲಿದೆ, ಇಳಿಜಾರಿಲ್ಲ.

ಲೈನರ್ ಎಲ್ಲಿಂದ, ಎಷ್ಟು ದಪ್ಪ

ಇರುವುದೇ 2 ಮಿ.ಮೀ. ಅದರಲ್ಲಿ 1 ಮಿ.ಮೀ. ದಪ್ಪದ ಗೆರೆ ಎಳೆದರೆ ಅರ್ಧ ರೆಪ್ಪೆ ಕಪ್ಪಾಗಿ ಕಣ್ಣು ಕುಗ್ಗಿ ಕಾಣುತ್ತದೆ. ಹಾಗಾಗಿ ಗೆರೆ ಕೂದಲಿನ ಬುಡಕ್ಕೆ ಅಂಟಿಕೊಂಡಿರಲಿ, ಅರ್ಧ ಮಿ.ಮೀ. ದಾಟದಿರಲಿ. ಪೆನ್ನಿನ ತುದಿಯಿಂದ ಕೂದಲುಗಳ ನಡುವೆ ಚುಕ್ಕಿ ಇಟ್ಟು ಆಮೇಲೆ ಸೇರಿಸಿದರೆ ಅಷ್ಟು ತೆಳ್ಳಗೆ ಬರುತ್ತದೆ. ಒಂದೇ ಎಳೆತಕ್ಕೆ ಬರುವುದಿಲ್ಲ.

ಕಣ್ಣುಗಳು ಹತ್ತಿರವಿರುವುದರಿಂದ ಒಳಮೂಲೆಯಿಂದ ಶುರು ಮಾಡಬೇಡಿ. ಕರಿಗುಡ್ಡೆಯ ಒಳಅಂಚಿನ ನೇರಕ್ಕೆ ಕೂದಲೆಳೆಯಷ್ಟು ಸಣ್ಣಗೆ ಆರಂಭಿಸಿ ಹೊರಗೆ ಹೋಗುತ್ತಾ ತುಂಬಿಸಿ. ನಮ್ಮಲ್ಲಿ ಕೆಳರೆಪ್ಪೆಯ ಒಳಗೆ ಮೂಲೆಯಿಂದ ಮೂಲೆಗೆ ಕಾಡಿಗೆ ತೀಡುವ ರೂಢಿಯಿದೆ. ಇಂಥ ಕಣ್ಣಿಗೆ ಅದು ಮೂಗಿನ ಬಳಿ ಎರಡು ಕಪ್ಪು ಮೂಲೆಗಳನ್ನು ಮಾಡಿ ಕಣ್ಣನ್ನು ಇನ್ನಷ್ಟು ಹತ್ತಿರ ತರುತ್ತದೆ. ಕಾಡಿಗೆ ಬೇಕೇ ಬೇಕೆಂದರೆ ಹೊರಗಿನ ಮೂರನೇ ಒಂದು ಭಾಗಕ್ಕಷ್ಟೇ ಹಚ್ಚಿ, ಒಳಗೆ ಬಿಡದೆ ಕೂದಲಿನ ಹೊರಬದಿಗೆ ತೀಡಿ. ರೆಪ್ಪೆಯ ಒಳಅಂಚಿನಲ್ಲಿ ಎಣ್ಣೆಗ್ರಂಥಿಗಳ ಬಾಯಿಗಳಿವೆ, ದಿನವೂ ಬಣ್ಣ ತುಂಬಿದರೆ ಅವು ಕಟ್ಟಿಕೊಳ್ಳಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಳಗೆ ಹಚ್ಚಲೇಬಾರದು.

ಬಾಲ ಎಳೆಯುವಾಗ ಮಾತ್ರ ಕಣ್ಣು ತೆರೆದೇ ಇರಬೇಕು. ಕನ್ನಡಿಯಲ್ಲಿ ನೇರ ನೋಡುತ್ತಾ, ಕೆಳರೆಪ್ಪೆಯ ಗೆರೆ ಹುಬ್ಬಿನ ತುದಿಯ ಕಡೆಗೆ ಮುಂದುವರಿದಂತೆ 4-5 ಮಿ.ಮೀ. ಎಳೆಯಿರಿ. ಆ ತುದಿಯಿಂದ ಮಡಿಕೆಯ ಮೇಲೇ ಹಾಯ್ದು ಮತ್ತೆ ರೆಪ್ಪೆಯ ಗೆರೆಗೆ ನೇರವಾಗಿ ಸೇರಿಸಿ. ಈಗ ಕಣ್ಣು ಮುಚ್ಚಿದರೆ ಗೆರೆಯಲ್ಲಿ ಒಂದು ಕಚ್ಚು ಕಾಣುತ್ತದೆ, ಬಾವಲಿಯ ರೆಕ್ಕೆಯ ಹಾಗೆ. ಗಾಬರಿ ಬೇಡ. ಆ ಕಚ್ಚಿನ ಒಳಗಿನ ಖಾಲಿಯನ್ನು ತುಂಬಿಸಿ. ತೆರೆದಾಗ ಅದು ಮಡಿಕೆಯೊಳಗೆ ಅಡಗಿ ನೇರ ಬಾಲ ಮಾತ್ರ ಉಳಿಯುತ್ತದೆ. ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು ಬಾಲ ಬರೆದರೆ, ಬೆರಳು ಬಿಟ್ಟ ಮೇಲೆ ಅದು ಡೊಂಕಾಗುವುದು ಖಂಡಿತ.

ಐಶ್ಯಾಡೋ

ಗಾಢ ಬಣ್ಣವನ್ನು ಮಡಿಕೆಯಲ್ಲಿ ಹಾಕಿ ಎಂಬ ಮಾತು ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಮಡಿಕೆಯೊಳಗೆ ಹಾಕಿದ್ದು ತೆರೆದಾಗ ಕಾಣುವುದೇ ಇಲ್ಲ. ನಿಮ್ಮ ಮೈಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಮ್ಯಾಟ್ ಕಂದು ತೆಗೆದುಕೊಳ್ಳಿ. ಕಣ್ಣು ತೆರೆದು, ಮಡಿಕೆಯ ಅಂಚಿಗಿಂತ 3-4 ಮಿ.ಮೀ. ಮೇಲಕ್ಕೆ, ಕರಿಗುಡ್ಡೆಯ ಹೊರಅಂಚಿನಿಂದ ಹೊರಗಡೆಗೆ ಹಚ್ಚಿ. ಈ ಉದಾಹರಣೆಯಲ್ಲಿ ಮಡಿಕೆಯಿಂದ ಹುಬ್ಬಿಗೆ 14 ಮಿ.ಮೀ. ಇದೆ, ಬಣ್ಣ ಅದರ ಮೂರನೇ ಒಂದು ಭಾಗ ದಾಟಿದರೆ ಕಣ್ಣು ಭಾರವಾಗಿ ತೂಗಿದಂತೆ ಕಾಣುತ್ತದೆ. ಒಳಗಿನ ಮೂರನೇ ಒಂದು ಭಾಗಕ್ಕೆ ತಿಳಿ ಬಣ್ಣ. ಶಿಮ್ಮರ್ ಏನಿದ್ದರೂ ರೆಪ್ಪೆಯ ನಡುವೆ, ಆ 2 ಮಿ.ಮೀ. ಪಟ್ಟಿಯಲ್ಲಿ ಮಾತ್ರ. ಇಳಿಬಿದ್ದ ಚರ್ಮದ ಮೇಲೆ ಹೊಳಪು ಹಚ್ಚಿದರೆ ಬೆಳಕು ಅಲ್ಲೇ ತಾಗಿ ಅದು ಉಬ್ಬಿದಂತೆ ಕಾಣುತ್ತದೆ.

ನಿಮ್ಮ ಕಣ್ಣುಗಳ ನಡುವಿನ ಅಂತರ ಕಣ್ಣಿನ ಅಗಲಕ್ಕಿಂತ ಹೆಚ್ಚಿದ್ದರೆ ಇದನ್ನು ತಿರುಗಿಸಿಕೊಳ್ಳಿ: ಲೈನರ್ ಒಳಮೂಲೆಯಿಂದಲೇ ಬರಲಿ, ಗಾಢ ಬಣ್ಣ ಒಳಗಡೆಗೂ ಸ್ವಲ್ಪ ಸರಿಯಲಿ, ಬಾಲ ಗಿಡ್ಡವಿರಲಿ.

ಕಲೆ ಬಿದ್ದರೆ

ಹೂಡೆಡ್ ಕಣ್ಣಿನವರ ದೊಡ್ಡ ದೂರು, ಮಧ್ಯಾಹ್ನದ ಹೊತ್ತಿಗೆ ಕಪ್ಪು ಮೇಲಕ್ಕೆ ಅಂಟುವುದು. ಕಲೆ ಎಲ್ಲಿದೆ ನೋಡಿ. ಮೇಲಿನ ಮಡಿಕೆಯಲ್ಲಿ ಒಂದೇ ಜಾಗದಲ್ಲಿ ಗೆರೆಯಂತೆ ಬಿದ್ದಿದ್ದರೆ, ಚರ್ಮದ ಎಣ್ಣೆ ಲೈನರನ್ನು ಕರಗಿಸಿ ಅಚ್ಚು ಹಾಕಿದೆ. ಮಡಿಕೆಗೂ ರೆಪ್ಪೆಗೂ ಮೊದಲೇ ಪ್ರೈಮರ್ ತೆಳ್ಳಗೆ ಹಚ್ಚಿ ಪೌಡರ್ ಒತ್ತಿ. ಲೈನರ್ ಎಳೆದ ಮೇಲೆ ಅರ್ಧ ನಿಮಿಷ ಕೆಳಗೆ ನೋಡುತ್ತಾ ಒಣಗಲು ಬಿಡಿ. ಕಲೆ ಕಣ್ಣಿನ ಕೆಳಗಿದ್ದರೆ ಅದು ಕಾಡಿಗೆಯದೋ ಮಸ್ಕರಾದ್ದೋ, ಮೇಲಿನ ಲೈನರ್ ಬದಲಿಸಿ ಪ್ರಯೋಜನವಿಲ್ಲ.

ಎರಡೂ ಕಣ್ಣು ಒಂದೇ ಸಮ ಇರುವುದು ಅಪರೂಪ. ರೆಪ್ಪೆ ಕಡಿಮೆ ಕಾಣುವ ಕಣ್ಣನ್ನು ಮೊದಲು ಮುಗಿಸಿ, ಅದನ್ನು ನೋಡಿ ಇನ್ನೊಂದನ್ನು ಮಾಡಿ. ಆಮೇಲೆ ಅದೇ ಕಿಟಕಿಯ ಮುಂದೆ, ಅಷ್ಟೇ ದೂರದಿಂದ ಇನ್ನೊಂದು ಫೋಟೊ ತೆಗೆಸಿ ಹಳೆಯದರ ಪಕ್ಕ ಇಡಿ. ಒಂದು ಬಾಲ ಎತ್ತರವಾಗಿದ್ದರೆ ಗಿಡ್ಡದ್ದಕ್ಕೆ ಸೇರಿಸಲು ಹೋಗಬೇಡಿ, ಎರಡೂ ದಪ್ಪವಾಗುತ್ತಾ ಹೋಗುತ್ತವೆ. ಚೂಪು ತುದಿಯ ಹತ್ತಿಕಡ್ಡಿಗೆ ಮೇಕಪ್ ರಿಮೂವರ್ ತಾಗಿಸಿ, ಎತ್ತರದ ಬಾಲವನ್ನು ಕೆಳಬದಿಯಿಂದ ಮೇಲಕ್ಕಲ್ಲ, ಮೇಲಂಚಿನಿಂದ ಒರೆಸಿ ಇಳಿಸಿ.