ಬಾಯಿಬಿಟ್ಟು ಹೇಳಲಾಗದ ಹಿರಿಯರ ನೋವನ್ನು ಗುರುತಿಸುವುದು ಹೇಗೆ?

ಕುಬಸ ತೊಡಿಸಲು ಹೋದರೆ ಸೊಸೆಯ ಕೈಗೆ ಹೊಡೆಯುವ ಅತ್ತೆ. ಸ್ನಾನಕ್ಕೆ ಎಬ್ಬಿಸಿದರೆ ಬೈಯಲು ಶುರು ಮಾಡುವ ಅಜ್ಜ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವವರ ಮನೆಗಳಲ್ಲಿ ಇದು ದಿನದ ಮಾತು. "ಅರಳು ಮರಳು ಆಗೈತ್ರಿ, ಏನ್ ಮಾಡೂದು" ಅಂತ ಮನೆಯವರು ಸುಮ್ಮನಾಗುತ್ತಾರೆ. ಆದರೆ ಈ ಹೊಡೆತ, ಬೈಗುಳದ ಹಿಂದೆ ಎಷ್ಟೋ ಸಲ ನೋವು ಇರುತ್ತದೆ.

ಡಿಮೆನ್ಷಿಯಾ ಬಂದವರಿಗೆ ನೋವು ಗೊತ್ತಾಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ನೋವು ಆಗಿಯೇ ಆಗುತ್ತದೆ. ಎಲ್ಲಿ, ಯಾವಾಗಿನಿಂದ, ಎಷ್ಟು ಎಂದು ನೆನಪಿಟ್ಟು ಹೇಳುವ ಶಕ್ತಿ ಮಾತ್ರ ಹೋಗಿರುತ್ತದೆ. ನಾರ್ವೆಯ 18 ವೃದ್ಧಾಶ್ರಮಗಳಲ್ಲಿ, ಡಿಮೆನ್ಷಿಯಾದಿಂದ ತುಂಬಾ ರೇಗುತ್ತಿದ್ದ 352 ಹಿರಿಯರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ 8 ವಾರ ಹಂತಹಂತವಾಗಿ ನೋವಿನ ಔಷಧ ಕೊಟ್ಟರು. ಹೆಚ್ಚಿನವರಿಗೆ ಕೊಟ್ಟಿದ್ದು ಬರೀ ಪ್ಯಾರಸಿಟಮಾಲ್. ಆ ಗುಂಪಿನವರ ರೇಗಾಟ ಗಮನಕ್ಕೆ ಬರುವಷ್ಟು ಇಳಿಯಿತು.

ಹಾಗಾದರೆ ಮನೆಯಲ್ಲಿ ಕೂತು ಇದನ್ನು ಗುರುತಿಸುವುದು ಹೇಗೆ?

ಮೊದಲು ಅವರನ್ನೇ ಕೇಳಿ

ಮಾತು ಪೂರ್ತಿ ನಿಂತಿಲ್ಲದಿದ್ದರೆ ಕೇಳಿಯೇ ಮುಂದುವರಿಯಬೇಕು. "ನಿನ್ನೆ ರಾತ್ರಿ ಹೇಗಿತ್ತು?" ಎಂದರೆ ಉತ್ತರ ಸಿಗುವುದಿಲ್ಲ. ಈ ಕ್ಷಣದ್ದನ್ನು ಕೇಳಿ. ಎದುರಿಗೆ ಕೂತು, ಜಾಗ ಮುಟ್ಟಿ ತೋರಿಸಿ, "ಇಲ್ಲಿ ಬ್ಯಾನಿ ಆಗತೈತೇನ್ರಿ ಅತ್ತಿ?", "ಕಾಲು ಹರಿತಾವೇನು?" ಎಂದು ಮನೆ ಮಾತಿನಲ್ಲೇ ಕೇಳಿ. ಕೇಳಿ ಅರ್ಧ ನಿಮಿಷ ಕಾಯಿರಿ. ಅವರಿಗೆ ಪ್ರಶ್ನೆ ಒಳಗಿಳಿಯಲು ಹೊತ್ತು ಬೇಕು. ತಲೆಯಾಡಿಸಿದರೂ ಅದು ಉತ್ತರವೇ. "ಇಲ್ಲ" ಎಂದರೆ ಮಾತ್ರ ಅಲ್ಲಿಗೇ ಬಿಡಬೇಡಿ. ಮುಂದಿನ ಹೆಜ್ಜೆ ಹಾಕಿ.

ಐದು ನಿಮಿಷ, ಐದು ಗುರುತು

ಮಾತಾಡಲಾಗದವರಿಗೆಂದೇ ಅಮೆರಿಕದಲ್ಲಿ 2003ರಲ್ಲಿ ಪೇನ್‌ಆಡ್ ಎಂಬ ಅಳತೆ ಸಿದ್ಧವಾಯಿತು. ನರ್ಸ್‌ಗಳು ಬಳಸುವ ಅಳತೆ ಇದು. ಆದರೆ ಮನೆಯವರೂ ಕಲಿಯಬಹುದು. ಐದು ನಿಮಿಷ ನೋಡಿ, ಐದು ವಿಷಯಕ್ಕೆ 0, 1 ಅಥವಾ 2 ಅಂಕ ಕೊಡಬೇಕು. ಒಟ್ಟು 10 ಅಂಕ.

ಮೊದಲನೆಯದು ಉಸಿರು. ಮಾತಾಡದೆ, ಕೂಗದೆ ಇರುವಾಗಲೂ ಆಗಾಗ ಕಷ್ಟಪಟ್ಟು ಉಸಿರಾಡಿದರೆ 1. ಸದ್ದು ಮಾಡುತ್ತಾ ಬಹಳ ಹೊತ್ತು ಏದುಸಿರು ಬಿಟ್ಟರೆ 2. ಎರಡನೆಯದು ದನಿ. ಆಗೊಮ್ಮೆ ಈಗೊಮ್ಮೆ ನರಳಿದರೆ, ಮೆಲ್ಲಗೆ ಗೊಣಗಿದರೆ 1. ಮತ್ತೆ ಮತ್ತೆ ಕೂಗಿದರೆ, ಜೋರಾಗಿ ನರಳಿದರೆ, ಅತ್ತರೆ 2.

ಮೂರನೆಯದು ಮುಖ. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಜಾರಿನ ಮುಖ, ಹೆದರಿದ ಮುಖ, ಹುಬ್ಬು ಗಂಟಿಕ್ಕಿದ್ದು ಇವಕ್ಕೆ 1 ಅಂಕ. ನೋವಿನಿಂದ ಕಿವುಚಿದ ಮುಖಕ್ಕೆ 2. ಕಿವುಚಿದ್ದು ಎಂದು ಹೇಗೆ ತಿಳಿಯುತ್ತದೆ? ಹುಬ್ಬುಗಳು ಕೆಳಗಿಳಿದು ಹತ್ತಿರ ಬರುತ್ತವೆ. ಕಣ್ಣಿನ ಸುತ್ತ ಚರ್ಮ ಬಿಗಿದು ಕಣ್ಣು ಕಿರಿದಾಗುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ. ಮೂಗಿನ ಪಕ್ಕ ಸುಕ್ಕು ಬಿದ್ದು ಮೇಲ್ದುಟಿ ಎತ್ತಿಕೊಳ್ಳುತ್ತದೆ. ಇದು ಕೆಲವೊಮ್ಮೆ ಒಂದೆರಡು ಸೆಕೆಂಡು ಮಾತ್ರ ಇರುತ್ತದೆ. ಸೀರೆಯ ನಿರಿಗೆ ನೋಡುತ್ತಿದ್ದರೆ ಅದು ತಪ್ಪಿಹೋಗುತ್ತದೆ. ಅದಕ್ಕೇ ಒಬ್ಬರು ಬಟ್ಟೆ ತೊಡಿಸಬೇಕು, ಇನ್ನೊಬ್ಬರು ಬರೀ ಮುಖ ನೋಡಬೇಕು. ವಯಸ್ಸಾದವರ ಹಣೆಯಲ್ಲಿ ಸುಕ್ಕು ಮೊದಲೇ ಇರುತ್ತದೆ, ಅಲ್ವಾ? ಹಾಗಾಗಿ ಅವರು ಆರಾಮಾಗಿ ಕೂತಾಗಿನ ಮುಖ ನಿಮಗೆ ಗೊತ್ತಿರಬೇಕು. ಅದರಿಂದ ಎಷ್ಟು ಬದಲಾಯಿತು ಎಂಬುದೇ ಲೆಕ್ಕ.

ನಾಲ್ಕನೆಯದು ಮೈ. ಚಡಪಡಿಕೆ, ಬಿಗಿತ ಇದ್ದರೆ 1. ಮುಷ್ಟಿ ಕಟ್ಟುವುದು, ಮೊಣಕಾಲು ಎದೆಗೆ ಎಳೆದುಕೊಳ್ಳುವುದು, ತಳ್ಳುವುದು, ಹೊಡೆಯುವುದು ಇದ್ದರೆ 2. ಐದನೆಯದು ಸಮಾಧಾನ. ಮಾತಾಡಿಸಿದಾಗ, ಬೆನ್ನು ಸವರಿದಾಗ ತಣ್ಣಗಾದರೆ 1. ಏನು ಮಾಡಿದರೂ ಆಗದಿದ್ದರೆ 2. ಸಮಾಧಾನ ಮಾಡುವ ಅಗತ್ಯವೇ ಬರದಿದ್ದರೆ 0.

ಒಟ್ಟು 1ರಿಂದ 3 ಬಂದರೆ ಸಣ್ಣ ನೋವು, 4ರಿಂದ 6 ಮಧ್ಯಮ, 7ರಿಂದ 10 ಜೋರು ಎಂದು ಸಾಮಾನ್ಯವಾಗಿ ಓದುತ್ತಾರೆ. ಇದನ್ನು ಥರ್ಮಾಮೀಟರಿನ ಅಂಕಿಯಂತೆ ನಂಬಬೇಡಿ. ಒಬ್ಬರ 4ನ್ನು ಇನ್ನೊಬ್ಬರ 4ಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಅದೇ ಮನುಷ್ಯರ ಇವತ್ತಿನದನ್ನು ನಿನ್ನೆಯದಕ್ಕೆ ಹೋಲಿಸಿ.

ಕೂತಾಗ ಒಮ್ಮೆ, ಅಲುಗಿದಾಗ ಒಮ್ಮೆ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಕೀಲು, ಮೂಳೆಯ ನೋವು ಸುಮ್ಮನೆ ಕೂತಾಗ ಅಡಗಿರುತ್ತದೆ. ಅಲುಗಿದಾಗ ಹೊರಬರುತ್ತದೆ. ಕೂತಾಗ ಮಾತ್ರ ನೋಡಿ "ನೋವಿಲ್ಲ" ಎಂದು ಬರೆದರೆ ಅರ್ಧ ಸತ್ಯ ಬರೆದಂತೆ.

ಇಳಕಲ್ಲಿನ ಒಂದು ಮನೆಯದನ್ನೇ ನೋಡೋಣ. ಅತ್ತೆಗೆ 80 ದಾಟಿದೆ. ಮೊದಲಿಂದಲೂ ಸಕ್ಕರೆ ಕಾಯಿಲೆ ಇದೆ, ಈಗ ಡಿಮೆನ್ಷಿಯಾವೂ ಬಲಿತಿದೆ. ವಯಸ್ಸಿನಲ್ಲಿ ಮಗ್ಗದ ಮುಂದೆ ಕೂತು ದುಡಿದವರು. ಈಗ ಒಂದೆರಡು ಶಬ್ದದ ಮೇಲೆ ಮಾತಿಲ್ಲ. ತಿಂಗಳೊಪ್ಪತ್ತಿನಿಂದ ಬೆಳಿಗ್ಗೆ ಬಟ್ಟೆ ಬದಲಿಸುವಾಗ ಸೊಸೆಯನ್ನು ತಳ್ಳುತ್ತಾರೆ, ಹೊಡೆಯುತ್ತಾರೆ. ನಿದ್ದೆ ಮಾತ್ರೆ ಬರೆಸಿಕೊಂಡು ಬರೋಣ ಎಂದು ಮಗ ಹೊರಟಿದ್ದರು. ಅದಕ್ಕೆ ಮೊದಲು ಅಂಕ ಹಾಕಿ ನೋಡಿದರು.

ಚಹಾ ಕುಡಿದು ಗೋಡೆಗೆ ಒರಗಿ ಕೂತಾಗ ಒಟ್ಟು 1. ಮುಖ ಸ್ವಲ್ಪ ಸಪ್ಪಗಿತ್ತು, ಅಷ್ಟೇ. ಆಮೇಲೆ ಸೊಸೆ ಎಡಗೈಯನ್ನು ಕುಬಸದಿಂದ ಬಿಡಿಸಿದರು. ಆಗಲೂ 1. ಬಲಗೈ ಹಿಡಿದು ಎತ್ತಲು ಹೋದಾಗ ಚಿತ್ರವೇ ಬದಲಾಯಿತು. ಮೊದಲು ಉಸಿರು ಒಂದು ಕ್ಷಣ ನಿಂತು ಆಮೇಲೆ ಜೋರಾಯಿತು, 1. "ಬ್ಯಾಡ, ಬ್ಯಾಡ" ಎಂದು ಗೊಣಗಿದರು, 1. ಕಣ್ಣು ಮುಚ್ಚಿ ಮುಖ ಕಿವುಚಿತು, 2. ಎಡಗೈಯಿಂದ ಸೊಸೆಯನ್ನು ತಳ್ಳಿದರು, 2. ಕೈ ಕೆಳಗಿಟ್ಟು "ಆತ್ರಿ ಅತ್ತಿ, ಬಿಟ್ಟೆ" ಎಂದಾಗ ಸುಮ್ಮನಾದರು, 1. ಒಟ್ಟು 7.

ಅವರಿಗೆ ಸೊಸೆಯ ಮೇಲೆ ಸಿಟ್ಟಿದ್ದರೆ, ಬಟ್ಟೆ ಬಿಚ್ಚುವುದೇ ನಾಚಿಕೆಯಾಗಿದ್ದರೆ ಎಡಗೈಗೂ 7 ಬರಬೇಕಿತ್ತು. ಎಡಕ್ಕೆ 1, ಬಲಕ್ಕೆ 7 ಬಂದಿದ್ದರಿಂದ ಹುಡುಕಬೇಕಾದ ಜಾಗ ಬಲ ಭುಜ ಎಂದು ಗೊತ್ತಾಯಿತು. ಇನ್ನೊಂದು ಗುರುತೂ ಇತ್ತು. ಅವರು ಹೊಡೆಯುತ್ತಿದ್ದದ್ದು ಯಾವಾಗಲೂ ಎಡಗೈಯಲ್ಲಿ. ಅವರೇನು ಎಡಚರಲ್ಲ.

ಅಂಕ ಎಲ್ಲಿ ಮೋಸ ಮಾಡುತ್ತದೆ

ಅಂಕ ಹೇಳುವುದು ಸಂಕಟ ಇದೆ ಎಂದು ಮಾತ್ರ. ಕಾರಣ ಹೇಳುವುದಿಲ್ಲ. ಹಸಿವು, ಚಳಿ, ಹೆದರಿಕೆ, ಒದ್ದೆ ಬಟ್ಟೆ ಇವೂ ಅಂಕ ಏರಿಸುತ್ತವೆ. ಮೊದಲು ಅವನ್ನು ಸರಿಮಾಡಿ ಮತ್ತೊಮ್ಮೆ ನೋಡಿ. ಆಮೇಲೆ ತಲೆಯಿಂದ ಕಾಲಿನವರೆಗೆ ಹುಡುಕಿ. ಕಟ್ಟಿಸಿದ ಹಲ್ಲು ಒತ್ತಿ ವಸಡಲ್ಲಿ ಹುಣ್ಣಾಗಿದೆಯೇ? ರೊಟ್ಟಿ ಒಲ್ಲೆ ಎನ್ನುವವರು ಹಾಲಿನಲ್ಲಿ ನೆನೆಸಿ ಕೊಟ್ಟರೆ ತಿನ್ನುತ್ತಾರೆಯೇ? ಮೂರು ದಿನದಿಂದ ಹೊಟ್ಟೆ ಖಾಲಿಯಾಗಿಲ್ಲವೇ? ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ? ಮಲಬದ್ಧತೆ ಒಂದೇ ಎಷ್ಟೋ ಹಿರಿಯರನ್ನು ರಾತ್ರಿಯಿಡೀ ಅಡ್ಡಾಡಿಸುತ್ತದೆ.

ಸೊನ್ನೆ ಬಂದರೂ ನೋವು ಇಲ್ಲವೇ ಇಲ್ಲ ಎಂದಲ್ಲ. ಪಾರ್ಕಿನ್‌ಸನ್ ಕಾಯಿಲೆ ಇದ್ದವರ ಮುಖ, ಲಕ್ವ ಹೊಡೆದವರ ಮುಖ ಸರಿಯಾಗಿ ಆಡುವುದಿಲ್ಲ. ಅಂಥವರಲ್ಲಿ ಮೈ, ಉಸಿರು, ದಿನಚರಿ ನೋಡಬೇಕು. ದಿನಾ ಕಟ್ಟೆಗೆ ಬಂದು ಕೂಡುತ್ತಿದ್ದವರು ಹಾಸಿಗೆ ಬಿಡದಿರುವುದು, ಮೊಮ್ಮಕ್ಕಳು ಬಂದರೂ ಮುಖ ತಿರುಗಿಸುವುದು ನೋವಿನ ಗುರುತಾಗಿರಬಹುದು. ಗದ್ದಲ ಮಾಡುವವರ ಕಡೆ ಎಲ್ಲರ ಗಮನ ಹೋಗುತ್ತದೆ. ಸುಮ್ಮನೆ ಮುದುರಿ ಮಲಗಿದವರನ್ನು ಯಾರೂ ನೋಡುವುದಿಲ್ಲ. ನನಗೆ ಜಾಸ್ತಿ ಚಿಂತೆ ಅವರದ್ದೇ.

ಔಷಧ ಕೊಟ್ಟು ಮತ್ತೆ ಅಳೆಯುವುದು

ಇಳಕಲ್ಲಿನ ಆ ಮನೆಯವರು ಅಂಕ ಬರೆದ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದರು. ಭುಜ ಹೊರಕ್ಕೆ ತಿರುಗುತ್ತಲೇ ಇರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಭುಜದ ಕೀಲು ಬಿಗಿದುಹೋಗಿತ್ತು. ಫ್ರೋಜನ್ ಶೋಲ್ಡರ್ ಎನ್ನುವ ಈ ತೊಂದರೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಡಾಕ್ಟರು 500 ಮಿಲಿಗ್ರಾಂ ಪ್ಯಾರಸಿಟಮಾಲ್ ದಿನಕ್ಕೆ ಮೂರು ಸಲ, ಒಂದು ವಾರ ಬರೆದರು. ಬೆಳಗಿನ ಮಾತ್ರೆಯನ್ನು ಬಟ್ಟೆ ಬದಲಿಸುವ ಒಂದು ತಾಸು ಮೊದಲು ಕೊಡಲು ಹೇಳಿದರು. ನೋವು ಏಳುವ ಕೆಲಸದ ಹೊತ್ತಿಗೆ ಔಷಧ ಮೈಯಲ್ಲಿ ಕೆಲಸ ಮಾಡುತ್ತಿರಬೇಕು. ಹೊಡೆದ ಮೇಲೆ ಕೊಟ್ಟರೆ ಉಪಯೋಗ ಕಮ್ಮಿ.

ವಾರದ ಕೊನೆಗೆ ಅದೇ ಬಲಗೈ, ಅದೇ ಕುಬಸ, ಅಂಕ 3. ಪೂರ್ತಿ ಹೋಗಿಲ್ಲ, ಆದರೆ ಹೊಡೆತ ನಿಂತಿತು. ಮಾತ್ರೆಯ ಜೊತೆ ಬಟ್ಟೆ ತೊಡಿಸುವ ಕ್ರಮವನ್ನೂ ಬದಲಿಸಿದ್ದರು. ತೊಡಿಸುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಹೀಗೆ ಮಾಡಿದರೆ ನೋಯುವ ಭುಜ ಎತ್ತುವ, ತಿರುಗಿಸುವ ಕೆಲಸ ತುಂಬಾ ಕಡಿಮೆಯಾಗುತ್ತದೆ. ಕುಬಸದ ಬಿಗಿ ತೋಳನ್ನೂ ಸಡಿಲ ಮಾಡಿ ಹೊಲಿಸಿದರು.

ಪ್ಯಾರಸಿಟಮಾಲ್ ಪ್ರಮಾಣವನ್ನು ತೂಕ ಮತ್ತು ಲಿವರ್ ನೋಡಿ ಡಾಕ್ಟರೇ ಹೇಳಬೇಕು. ನೆಗಡಿ ಮಾತ್ರೆಯಲ್ಲೂ ಅದು ಸೇರಿರುತ್ತದೆ, ಎರಡೂ ಕೂಡಿ ಲೆಕ್ಕ ತಪ್ಪುತ್ತದೆ. ಔಷಧ ಅಂಗಡಿಯಲ್ಲಿ ಕೇಳಿ ಡೈಕ್ಲೋಫೆನಾಕ್‌ನಂಥ ಮಾತ್ರೆ ತರಬೇಡಿ. ಈ ವಯಸ್ಸಿನಲ್ಲಿ ಅದು ಕಿಡ್ನಿಗೆ ಏಟು ಕೊಡಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಹುದು.

ನಿದ್ದೆ ಮಾತ್ರೆಯಿಂದಲೂ ಅಂಕ ಇಳಿಯುತ್ತದೆ. ಅಲ್ಲಿ ನೋವು ಹೋಗಿರುವುದಿಲ್ಲ, ಅದನ್ನು ತೋರಿಸುವ ಎಚ್ಚರ ಹೋಗಿರುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ನೋವು ಇಳಿದವರು ಜಾಸ್ತಿ ಊಟ ಮಾಡುತ್ತಾರೆ, ಕರೆದರೆ ತಿರುಗಿ ನೋಡುತ್ತಾರೆ, ಕೈಕಾಲು ಆಡಿಸುತ್ತಾರೆ. ಮಂಪರಿನಲ್ಲಿರುವವರು ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತಿರುತ್ತಾರೆ, ನಿಂತರೆ ಜೋಲಿ ಹೊಡೆಯುತ್ತಾರೆ.

ಕೆಲವು ಗುರುತು ಕಂಡರೆ ಅಂಕ ಹಾಕುತ್ತಾ ಕೂರಬೇಡಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ದಿನವಿಡೀ ಮೂತ್ರ ಹೋಗದಿದ್ದರೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ, ಜ್ವರದ ಜೊತೆ ಒಂದೆರಡು ದಿನದಲ್ಲೇ ಮಂಕು ಜೋರಾಗಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಅವರು ಮಾಮೂಲಿಯಾಗಿ ಹೇಗಿರುತ್ತಿದ್ದರು, ಏನು ಯಾವಾಗಿನಿಂದ ಬದಲಾಯಿತು ಎಂದು ಬಲ್ಲವರೇ ಜೊತೆಗೆ ಹೋಗಬೇಕು.